ಕೆರೆ ಕೆಲಸದಲ್ಲಿ ಯಾವ ಜವಾಬ್ದಾರಿ ಕೇಳಲಿ? ಸಲಹೆ ಬೇಕು

ನಮಸ್ಕಾರ್ರೀ. ನಾನು ಹುಬ್ಬಳ್ಳಿಯಲ್ಲಿ ಅಕೌಂಟೆಂಟ್. ದಿನವೆಲ್ಲ ಜಿಎಸ್‌ಟಿ ಫೈಲಿಂಗ್, ಅದೇ ವ್ಯಾಪಾರಿಗಳು. ಬೇರೆ ಕ್ಷೇತ್ರದವರ ಪರಿಚಯವಾಗಲಿ ಅಂತ ಉಣಕಲ್ ಕೆರೆಯ ಅಂತರಗಂಗೆ ತೆಗೆಯುವ ತಂಡ ಸೇರಿದೆ.

ಭಾನುವಾರ ಎಲ್ಲರೂ ಸಾಲಾಗಿ ನಿಂತು ಬಳ್ಳಿ ಎಳೆಯುತ್ತೇವೆ, ದಂಡೆಯಿಂದ ದೂರ ಒಟ್ಟುತ್ತೇವೆ, ಫೋಟೋ, ಚಹಾ, ಮುಗೀತು. ಪಕ್ಕದವರು ಏನು ಕೆಲಸ ಮಾಡ್ತಾರೆ ಅಂತಲೂ ಗೊತ್ತಾಗಲ್ಲ. ಬೇಗ ಹೋಗಿ ನೋಡಿದೆ, ಚಹಾಕ್ಕೆ ನಿಂತು ನೋಡಿದೆ. ಮಾತು ಮಳೆ, ಟ್ರಾಫಿಕ್ ದಾಟಲ್ಲ.

ಕೆರೆಗೆ ಕೊಳಚೆ ನೀರು ಬರುತ್ತಿರುವವರೆಗೂ ಅಂತರಗಂಗೆ ಮತ್ತೆ ಮತ್ತೆ ಬೆಳೆಯುತ್ತದೆ, ಅಲ್ವಾ? ಅದಕ್ಕೆ ಈಗ ನಾಲಾಗಳನ್ನು ಗುರುತಿಸಿ ನಕ್ಷೆ ಮಾಡುವ ಸಣ್ಣ ಗುಂಪು ಆಗುತ್ತಿದೆ. ಅದರಲ್ಲಿ ಸಿವಿಲ್ ಎಂಜಿನಿಯರ್, ಕೆಮಿಸ್ಟ್ರಿ ಮೇಡಂ, ವಕೀಲರು ಇದ್ದಾರೆ. ನಡೆದು ನೋಡಬೇಕು, ಚರ್ಚಿಸಬೇಕು, ಪಾಲಿಕೆಗೆ ಅರ್ಜಿ ಬರೆಯಬೇಕು. ಪರಿಚಯ ಆಗೋದೇ ಅಲ್ಲಿ ಅನಿಸುತ್ತದೆ.

ಆದರೆ ಸಂಚಾಲಕರು, "ಸರ್, ನೀವು ಟ್ರ್ಯಾಕ್ಟರ್ ಬಾಡಿಗೆ, ದೇಣಿಗೆ ಲೆಕ್ಕ ನೋಡ್ಕೊಳ್ರಿ" ಅಂದರು. ಅದನ್ನು ಮನೆಯಲ್ಲಿ ಒಬ್ಬನೇ ಕೂತು ಮಾಡಬೇಕು. ಬೇಡ ಅಂದರೆ ಸ್ವಾರ್ಥ ಅನ್ನಬಹುದು.

ಇಂಥ ತಂಡದಲ್ಲಿ ಇದ್ದವರು ಹೇಳಿ: ಲೆಕ್ಕ ಒಪ್ಪಿಕೊಂಡು, ನಾಲಾ ಗುಂಪಿನ ಅಂದಾಜು ಖರ್ಚು ಬರೆಯುವ ನೆಪದಲ್ಲಿ ಅವರ ಜೊತೆ ಸೇರಲೇ? ಅಥವಾ ನೇರವಾಗಿ ಆ ಗುಂಪನ್ನೇ ಕೇಳಲೇ?