ಸಹಾಯ ಬೇಕು: ಕಾಲೇಜಿನ ಜಾಹೀರಾತು ವರದಿಯಲ್ಲಿ 22 ಅಡ್ಮಿಷನ್ ಯಾವ ಲೆಕ್ಕಕ್ಕೆ?

ಎಲ್ಲರಿಗೂ ನಮಸ್ಕಾರ. ಒಂದು ಡಿಗ್ರಿ ಕಾಲೇಜಿನ ಬಿಕಾಂ, ಬಿಸಿಎ ಅಡ್ಮಿಷನ್ ಜಾಹೀರಾತು ನಾನು ನೋಡಿಕೊಂಡೆ. ಈಗ ಕೊನೆಯ ವರದಿ ಕೊಡಬೇಕು.

ಫೇಸ್‌ಬುಕ್‌ಗೆ 1,20,000 ರೂಪಾಯಿ ಹಾಕಿ 800 ಎನ್‌ಕ್ವೈರಿ ಬಂತು, ತಲಾ 150. ಗೂಗಲ್‌ಗೆ 90,000 ಹಾಕಿ 300 ಬಂತು, ತಲಾ 300. ಎರಡೂ ಕಡೆ ಇದ್ದ 100 ಫೋನ್ ನಂಬರ್ ಒಂದೇ ಸಲ ಎಣಿಸಿದರೆ ಒಟ್ಟು 1,000, ಅಂದರೆ ತಲಾ 210. ಫೇಸ್‌ಬುಕ್ ಅಗ್ಗ ಅಂತ ಪ್ರಿನ್ಸಿಪಾಲರಿಗೆ ಖುಷಿ. ಆದರೆ ಫೀಸು ಕಟ್ಟಿದವರಲ್ಲಿ ಫೇಸ್‌ಬುಕ್‌ನಿಂದ ಬಂದವರು 16, ಗೂಗಲ್‌ನಿಂದ 30. ಒಂದು ಅಡ್ಮಿಷನ್‌ಗೆ ಅಲ್ಲಿ 7,500, ಇಲ್ಲಿ 3,000 ಬಿತ್ತು. ವರದಿಯಲ್ಲಿ ಇದೇ ಮೊದಲು ಬರಬೇಕು ಅಲ್ವಾ?

ತೊಡಕು ಇನ್ನೊಂದಿದೆ. ಅಡ್ಮಿಷನ್ ಪುಸ್ತಕದ ಫೋನ್ ನಂಬರ್‌ಗಳನ್ನು ಹೀಗೆ ಕೊನೆಯ ಹತ್ತು ಅಂಕಿಗೆ ಇಳಿಸಿ ಎನ್‌ಕ್ವೈರಿಯ ನಂಬರ್‌ಗಳ ಜೊತೆ ಹೊಂದಿಸಿದೆ:

```
=RIGHT(SUBSTITUTE(A2," ",""),10)
```

+91, ಮುಂದಿನ ಸೊನ್ನೆ ಎಲ್ಲಾ ಹೋಯಿತು. ಆದರೂ 22 ಅಡ್ಮಿಷನ್ ಹೊಂದಲೇ ಇಲ್ಲ. ಒಬ್ಬ ತಾಯಿಗೆ ಫೋನ್ ಮಾಡಿದೆ. ಮಗ ತನ್ನ ಮೊಬೈಲಿನಲ್ಲಿ ಜಾಹೀರಾತು ನೋಡಿ ವಿಚಾರಿಸಿದ್ದ, ಕಾಲೇಜಿನ ಫಾರಂನಲ್ಲಿ ಅಪ್ಪನ ನಂಬರ್ ಬರೆದಿದ್ದರು. ಹೆಸರು, ಪಿಯು ಕಾಲೇಜು ನೋಡಿ ಹೊಂದಿಸೋಣ ಅಂದರೆ ಒಂದೇ ಹೆಸರಿನವರು ಜಾಸ್ತಿ.

ಈ 22ನ್ನು ನೇರವಾಗಿ ಬಂದವರು ಅಂತ ಬರೆದರೆ ತಪ್ಪಾಗುತ್ತದೆ. ಸುಮ್ನೆ ಹಂಚಿಬಿಡಲು ಮನಸ್ಸಿಲ್ಲ. ಎಲ್ಲರಿಗೂ ಫೋನ್ ಮಾಡಿ ಕೇಳಲೇ, ಇಲ್ಲ ‘ಮೂಲ ತಿಳಿಯದು’ ಅಂತ ಬೇರೆ ಸಾಲು ಹಾಕಲೇ? ಎರಡೂ ಕಡೆ ವಿಚಾರಿಸಿದವರನ್ನು ನಾನು ಮೊದಲು ಬಂದ ಕಡೆಗೆ ಎಣಿಸಿದ್ದೇನೆ, ಅದು ಸರಿಯೇ? ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.