ಫ್ರಿಜ್ ಹಿಂದೆ ಟಕ್ ಟಕ್ ಸದ್ದು, ಸ್ವಿಚ್ ಬೋರ್ಡಿನಲ್ಲಿ ಇರುವೆ ಸಾಲು: ಏನು ಮಾಡಬೇಕು?

ಪ್ರಶ್ನೆ: ಗೃಹಿಣಿ, ಬ್ರಹ್ಮಪುರ, ಕಲಬುರಗಿ

ನಮ್ಮದು ಹಳೇ ಮನೆ. ನೆಲಕ್ಕೆ ಶಹಾಬಾದ್ ಪರ್ಸಿ ಹಾಕಿದ್ದಾರೆ. ಬೇಸಿಗೆ ಬಂದರೆ ಸಾಕು, ಸಣ್ಣ ಇರುವೆಗಳು ಫ್ರಿಜ್ ಒಳಗೂ ಹೋಗುತ್ತವೆ, ಅದರ ಸ್ವಿಚ್ ಬೋರ್ಡಿನಲ್ಲೂ ಸೇರುತ್ತವೆ. ಹೋದ ವರ್ಷ ಫ್ರಿಜ್ ತಣ್ಣಗಾಗದೆ ಹಿಂದೆ ಟಕ್ ಟಕ್ ಅನ್ನುತ್ತಿತ್ತು. ಮೆಕ್ಯಾನಿಕ್ ಬಂದು ರಿಲೇ ಬದಲಿಸಿ ಹೋದರು. ಈಗ ಮತ್ತೆ ಅದೇ ಸದ್ದು. ಬೋರ್ಡಿನೊಳಗೆ ಇರುವೆ ಸ್ಪ್ರೇ ಹೊಡೆಯಬಹುದಾ? ಮತ್ತೆ ಬರದ ಹಾಗೆ ಮಾಡೋದು ಹೇಗೆ?

ಉತ್ತರ: ಫ್ರಿಜ್ ರಿಪೇರಿ ಮತ್ತು ಮನೆ ವೈರಿಂಗ್ ಮಾಡುವವರು, ಕಲಬುರಗಿ

ಅಕ್ಕ, ಬೋರ್ಡಿಗೆ ಸ್ಪ್ರೇ ಹೊಡೆಯಲೇಬೇಡಿ. ಡಬ್ಬಿಯಿಂದ ಔಷಧವನ್ನು ಹೊರಗೆ ತಳ್ಳುವ ಗ್ಯಾಸ್ ಬೆಂಕಿ ಹಿಡಿಯುವಂಥದ್ದು. ಸ್ವಿಚ್ ಹಾಕಿ ತೆಗೆಯುವಾಗ ಒಳಗೆ ಸಣ್ಣ ಕಿಡಿ ಹಾರುತ್ತದೆ. ಮುಚ್ಚಿದ ಬೋರ್ಡಿನಲ್ಲಿ ಇವೆರಡೂ ಸೇರಬಾರದು. ಸೀಮೆಎಣ್ಣೆಯೂ ಬೇಡ, ನೀರಲ್ಲಿ ಅದ್ದಿದ ಬಟ್ಟೆಯೂ ಬೇಡ.

ಅವು ಅಲ್ಲಿಗೆ ಯಾಕೆ ಬರುತ್ತವೆ ಅಂತ ತಿಳಿದರೆ ಮುಂದಿನ ಕೆಲಸ ಸುಲಭ. ಗೋಡೆಯೊಳಗಿನ ವೈರ್ ಪೈಪು ಬಿಸಿಲು ಮಳೆ ತಾಗದ ದಾರಿ. ಅದು ನೇರವಾಗಿ ಬೋರ್ಡಿನ ಡಬ್ಬಿಗೆ ಬಂದು ತೆರೆದುಕೊಳ್ಳುತ್ತದೆ. ಅಲ್ಲಿ ಓಡಾಡುವ ಒಂದು ಇರುವೆ ಸ್ವಿಚ್ಚಿನ ಎರಡು ತುದಿಗಳ ನಡುವೆ ಸಿಕ್ಕಿ ಶಾಕ್ ಹೊಡೆದು ಸಾಯುತ್ತದೆ. ಸಾಯುವಾಗ ಮೈಯಿಂದ ಒಂದು ವಾಸನೆ ಬಿಡುತ್ತದೆ. ನಮಗೆ ಗೊತ್ತಾಗಲ್ಲ, ಆದರೆ ಗೂಡಿನ ಉಳಿದ ಇರುವೆಗಳಿಗೆ ಅದು ಅಪಾಯದ ಸುದ್ದಿ. ಅವು ಓಡಿ ಬರುತ್ತವೆ, ಅಲ್ಲೇ ಸಾಯುತ್ತವೆ, ಇನ್ನಷ್ಟು ಬರುತ್ತವೆ. ಬೋರ್ಡ್ ಬಿಚ್ಚಿದಾಗ ಹಿಡಿಗಟ್ಟಲೆ ಸತ್ತ ಇರುವೆ ಉದುರುವುದು ಇದಕ್ಕೇ. ಆ ರಾಶಿ ಸುಟ್ಟು ಕರಿ ಹಿಡಿದ ಮೇಲೆ ಸ್ವಿಚ್ ಬಿಸಿಯಾಗುತ್ತದೆ, ಚರ್ ಅನ್ನುತ್ತದೆ, ಕೊನೆಗೆ ಪ್ಲಾಸ್ಟಿಕ್ ಕರಗುತ್ತದೆ.

ಫ್ರಿಜ್ ಹಿಂದೆಯೂ ಇದೇ ಕಥೆ. ಕಂಪ್ರೆಸರ್ ಪಕ್ಕದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಕಂಪ್ರೆಸರ್ ಶುರುಮಾಡುವ ರಿಲೇ, ಬಿಸಿ ಹೆಚ್ಚಾದರೆ ಅದನ್ನು ನಿಲ್ಲಿಸುವ ಓವರ್‌ಲೋಡ್ ಎರಡೂ ಅದರಲ್ಲೇ. ಜಾಗ ಬೆಚ್ಚಗೆ. ಹತ್ತಿರದಲ್ಲೇ ಫ್ರಿಜ್‌ನ ನೀರು ಇಳಿಯುವ ಟ್ರೇ. ನಮ್ಮೂರಿನ ಏಪ್ರಿಲ್, ಮೇ ಬಿಸಿಲಲ್ಲಿ ಇರುವೆಗೆ ಸಕ್ಕರೆಗಿಂತ ನೀರೇ ದೊಡ್ಡದು. ಓವರ್‌ಲೋಡ್ ಬಿಸಿಯಾದಾಗ ತೆರೆದು ಆರಿದ ಮೇಲೆ ಮುಚ್ಚುತ್ತದೆ. ಅದರೊಳಗೆ ಕೂಡುವ ಎರಡು ಬಿಂದುಗಳ ನಡುವೆ ಇರುವೆ ಸಿಕ್ಕರೆ ಸರಿಯಾಗಿ ಮುಚ್ಚುವುದಿಲ್ಲ, ಕಂಪ್ರೆಸರ್ ಶುರುವಾಗುವುದಿಲ್ಲ.

ಆದರೆ ಟಕ್ ಸದ್ದಿಗೆ ಯಾವಾಗಲೂ ಇರುವೆಯೇ ಕಾರಣ ಅಲ್ಲ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದರೂ ಹೀಗೇ ಆಗುತ್ತದೆ. ಕಂಪ್ರೆಸರ್ ಗುಂಯ್ ಅಂದು, ಏಳಲಾರದೆ, ಟಕ್ ಅಂತ ನಿಲ್ಲುತ್ತದೆ. ಸದ್ದು ಬರುವಾಗ ಸ್ಟೆಬಿಲೈಜರ್ ಮೇಲಿನ ಅಂಕಿ ನೋಡಿ. ಔಟ್‌ಪುಟ್ 200ರ ಮೇಲಿದ್ದೂ ಟಕ್ ಅಂದರೆ ರಿಲೇ, ಓವರ್‌ಲೋಡ್ ಕಡೆ ನೋಡಬೇಕು. ಅವನ್ನು ಬದಲಿಸಿದರೂ ಹೋಗದಿದ್ದರೆ ಕಂಪ್ರೆಸರ್ ಕಾಯಿಲನ್ನೇ ಮೀಟರ್ ಹಿಡಿದು ನೋಡಬೇಕು. ಅದು ಮೆಕ್ಯಾನಿಕ್ ಕೆಲಸ. ಇನ್ವರ್ಟರ್ ಫ್ರಿಜ್ ಆಗಿದ್ದರೆ ಹಿಂದಿನ ಎಲೆಕ್ಟ್ರಾನಿಕ್ ಬೋರ್ಡಿಗೆ ಕೈ ಹಾಕಲೇಬೇಡಿ. ಪ್ಲಗ್ ಕಿತ್ತರೂ ಅದರ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ.

ರಿಲೇ ಬದಲಿಸಿದ ಮೆಕ್ಯಾನಿಕ್ ತಪ್ಪು ಮಾಡಿಲ್ಲ. ಆದರೆ ದಾರಿ ತೆರೆದೇ ಇತ್ತು. ಈಗ ಆ ದಾರಿ ಹುಡುಕಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಟಾರ್ಚ್ ಹಿಡಿದು ಸಾಲನ್ನು ಹಿಂಬಾಲಿಸಿ. ಪರ್ಸಿ ಹಾಕಿದ ಮನೆಯಲ್ಲಿ ಕಲ್ಲು ಕಲ್ಲಿನ ನಡುವಿನ ಸಂದಿನಿಂದ, ಅದರಲ್ಲೂ ಗೋಡೆ ಬುಡದಿಂದ, ಏಳುವುದು ಜಾಸ್ತಿ. ಅಡಿಯ ಮಣ್ಣಲ್ಲಿ ಗೂಡಿರುತ್ತದೆ.

ಸಾಲು ಸಿಕ್ಕಿದ ತಕ್ಷಣ ಸಂದು ಮುಚ್ಚಬೇಡಿ. ಮೊದಲು ಆಹಾರದ ಜೊತೆ ಔಷಧ ಇಡಿ. ಬೋರಿಕ್ ಪೌಡರ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ಲೋಟ ಬಿಸಿ ನೀರಿಗೆ ನಾಲ್ಕು ದೊಡ್ಡ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಬೋರಿಕ್ ಹಾಕಿ ಪೂರ್ತಿ ಕರಗಿಸಿ. ಹತ್ತಿಯಲ್ಲಿ ಅದ್ದಿ ಬಾಟಲಿ ಮುಚ್ಚಳದಲ್ಲಿಟ್ಟು ಸಾಲಿನ ಪಕ್ಕ ನೆಲದ ಮೇಲೆ ಇಡಿ. ಬೋರಿಕ್ ಜಾಸ್ತಿ ಹಾಕಿದರೆ ಬೇಗ ಸಾಯುತ್ತವೆ ಅಂತ ಅನಿಸುತ್ತದೆ, ಅಲ್ವಾ? ಬೇಗ ಸತ್ತರೆ ಔಷಧ ಗೂಡಿಗೆ ಹೋಗುವುದೇ ಇಲ್ಲ. ನಿಧಾನವಾಗಿ ಸಾಯಬೇಕು, ಅಷ್ಟರಲ್ಲಿ ರಾಣಿಗೂ ಮರಿಗಳಿಗೂ ತಿನ್ನಿಸಬೇಕು. ಮೊದಲೆರಡು ದಿನ ಸಾಲು ದಪ್ಪ ಆಗುತ್ತದೆ. ಹೆದರಿ ಒರೆಸಬೇಡಿ. ನಮ್ಮ ಬಿಸಿಲಿಗೆ ನೀರು ಬೇಗ ಆರುತ್ತದೆ, ಎರಡು ದಿನಕ್ಕೊಮ್ಮೆ ಹೊಸದು ಇಡಿ. ಒಂದೆರಡು ವಾರ ಬೇಕಾಗುತ್ತದೆ. ಮಕ್ಕಳ ಕೈಗೆ, ಬೆಕ್ಕು ನಾಯಿಯ ಬಾಯಿಗೆ ಸಿಗದ ಜಾಗ ನೋಡಿ. ಫ್ರಿಜ್ ಒಳಗೆ ಮಾತ್ರ ಇಡಬಾರದು.

ಸಾಲು ನಿಂತ ಮೇಲೆ ಬೋರ್ಡಿನ ಕೆಲಸ. ಬೋರ್ಡಿನ ಸ್ವಿಚ್ ಆಫ್ ಮಾಡಿದರೆ ಸಾಲದು, ಮೇನ್ ಇಳಿಸಬೇಕು. ಹಳೇ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ ವೈರಿಗೆ ಹಾಕಿದ್ದು ಎಷ್ಟೋ ಕಡೆ ಇದೆ. ಸ್ವಿಚ್ ಆಫ್ ಇದ್ದರೂ ಒಳಗೆ ಕರೆಂಟ್ ಇರುತ್ತದೆ. ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ನೇ ಕರೆಯಿರಿ. ಒಣ ಬ್ರಷ್‌ನಿಂದ ಇರುವೆ ಉದುರಿಸಿ. ಕರಿ ಹಿಡಿದ ಸ್ವಿಚ್, ಸಾಕೆಟ್‌ಗಳನ್ನು ಉಜ್ಜಿ ಮತ್ತೆ ಬಳಸಬೇಡಿ, ಹೊಸದು ಹಾಕಿಸಿ. ಆಮೇಲೆ ಡಬ್ಬಿಗೆ ಪೈಪು ಬರುವ ಬಾಯಿಯಲ್ಲಿ ವೈರುಗಳ ಸುತ್ತ ಸಿಲಿಕೋನ್ ಹಾಕಿ ಮುಚ್ಚಿಸಿ. ಅದರ ಟ್ಯೂಬಿನ ಮೇಲೆ ನ್ಯೂಟ್ರಲ್ ಅಂತ ಬರೆದಿರಬೇಕು. ಹುಳಿ ವಾಸನೆ ಬರುವ ಸಿಲಿಕೋನ್ ತಾಮ್ರವನ್ನು ತಿನ್ನುತ್ತದೆ. ಕಲ್ಲಿನ ಹಾಗೆ ಗಟ್ಟಿಯಾಗುವ ಅಂಟು ಹಾಕಿದರೆ ಮುಂದೆ ವೈರ್ ಎಳೆಯಲು ಬರುವುದಿಲ್ಲ. ಡಬ್ಬಿಯ ಖಾಲಿ ತೂತುಗಳನ್ನೂ, ಪ್ಲೇಟಿಗೂ ಗೋಡೆಗೂ ನಡುವಿನ ಸಂದನ್ನೂ ಬಿಡಬೇಡಿ.

ಫ್ರಿಜ್ ಬಾಗಿಲ ರಬ್ಬರಿಗೆ ಒಂದು ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದಿದೆ. ಎಲ್ಲಾ ಕಡೆ ಹೀಗೆ ನೋಡಬೇಕು, ಮೂಲೆಯಲ್ಲಿ ಮುಖ್ಯವಾಗಿ. ಒಳಗೆ ಹಿಂಭಾಗದಲ್ಲಿ ನೀರು ಇಳಿಯುವ ತೂತಿದೆ. ಇರುವೆ ಬರುತ್ತದೆ ಅಂತ ಅದನ್ನು ಟೇಪಿನಿಂದ ಮುಚ್ಚಬೇಡಿ, ನೀರೆಲ್ಲ ಒಳಗೇ ನಿಲ್ಲುತ್ತದೆ. ಹಿಂದಿನ ಟ್ರೇ ತೊಳೆಯಿರಿ. ಫ್ರಿಜ್ ಗೋಡೆಗೆ ತಾಗದಂತೆ ಇಡಿ.

ರೈತರು, ಆಳಂದ ತಾಲೂಕು

ಇಷ್ಟೆಲ್ಲಾ ಯಾಕ್ರಿ? ನಮ್ಮ ಬೋರ್‌ವೆಲ್ ಸ್ಟಾರ್ಟರ್ ಡಬ್ಬಿಯಲ್ಲಿ ಇರಬಿ ತುಂಬಿ ಮೋಟರ್ ಎತ್ತುತ್ತಿರಲಿಲ್ಲ, ಗರ್ ಗರ್ ಅಂತಿತ್ತು. ನಾಲ್ಕು ಡಾಂಬರ್ ಗುಳಿಗೆ ಒಗೆದೆ, ಹೋದವು. ಅಕ್ಕಾರೂ ಬೋರ್ಡಿನೊಳಗೆ ಎರಡು ಗುಳಿಗೆ ಇಡಲಿ.

ಉತ್ತರ: ರಿಪೇರಿ ಮಾಡುವವರು

ಅಣ್ಣಾರ, ಸ್ಟಾರ್ಟರ್ ವಿಷಯದಲ್ಲಿ ನಿಮ್ಮ ಮಾತು ಅರ್ಧ ಸರಿ. ಗುಳಿಗೆಯ ವಾಸನೆಗೆ ಇರುವೆ ದೂರ ಹೋಗುತ್ತವೆ. ಆದರೆ ಹೊಲದ ಬಿಸಿಲಿಗೆ ಗುಳಿಗೆ ಬೇಗ ಕರಗಿ ಗಾಳಿಗೆ ಹೋಗುತ್ತದೆ, ಮತ್ತೆ ಹಾಕುತ್ತಲೇ ಇರಬೇಕು. ಆ ಗರ್ ಗರ್ ಸದ್ದು, ಮೋಟರಿಗೆ ಕರೆಂಟ್ ಕೊಡುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಪೂರ್ತಿ ಕೂರದೆ ನಡುಗುವುದರಿಂದ. ಬಿಂದುಗಳು ಸುಟ್ಟಿವೆಯಾ ಅಂತ ಒಮ್ಮೆ ತೆಗೆಸಿ ನೋಡಿ, ಕೇಬಲ್ ಒಳಹೋಗುವ ತೂತಿಗೆ ಅದರ ಸುತ್ತ ಬಿಗಿಯಾಗಿ ಕೂರುವ ಗ್ಲ್ಯಾಂಡ್ ಹಾಕಿಸಿ. ಅಡುಗೆಮನೆ ಬೋರ್ಡಿಗೆ ಗುಳಿಗೆ ಬೇಡ. ಅದರ ಗಾಳಿ ಒಳ್ಳೆಯದಲ್ಲ, ಮಕ್ಕಳು ಮಿಠಾಯಿ ಅಂತ ಬಾಯಿಗೆ ಹಾಕಿಕೊಳ್ಳುವ ಭಯವೂ ಇದೆ.

ವಿದ್ಯಾರ್ಥಿ, ಬೀದರ್

ಸರ್, ನನ್ನ ಕಂಪ್ಯೂಟರ್ ಪರದೆಯ ಒಳಗೂ ಒಂದು ಇರುವೆ ಓಡಾಡುತ್ತಿದೆ. ಬೋರಿಕ್ ನೀರು ಮಾನಿಟರ್ ಪಕ್ಕ ಇಡಲಾ?

ಉತ್ತರ: ರಿಪೇರಿ ಮಾಡುವವರು

ತಮ್ಮಾ, ಅದು ಇರುವೆ ಆಗಿರಲಿಕ್ಕಿಲ್ಲ. ಬೆಳಕಿಗೆ ಬರುವ ನೂಲಿನಷ್ಟು ಸಣ್ಣ ಹುಳ ಇರಬೇಕು. ಅದಕ್ಕೆ ಸಕ್ಕರೆ ನೀರು ಬೇಕಿಲ್ಲ. ಬೆರಳಿನಿಂದ ಮಾತ್ರ ಒತ್ತಬೇಡ. ಅಲ್ಲೇ ಸತ್ತರೆ ಚುಕ್ಕೆ ಹಾಗೇ ಉಳಿಯುತ್ತದೆ. ಪರದೆ ಆಫ್ ಮಾಡಿ ಕೋಣೆ ಕತ್ತಲು ಮಾಡು, ಬಾಗಿಲಾಚೆ ಒಂದು ದೀಪ ಹಚ್ಚಿಡು. ಬಹಳ ಸಲ ತಾನೇ ಹೊರಗೆ ಹೋಗುತ್ತದೆ.

ಶಿಕ್ಷಕಿ, ಯಾದಗಿರಿ

ನಮ್ಮಲ್ಲಿ ಬೋರಿಕ್ ಸಕ್ಕರೆ ನೀರು ಇಟ್ಟರೆ ಇರುವೆ ಮೂಸಿಯೂ ನೋಡಲಿಲ್ಲ. ಬಹಳ ಸಣ್ಣವು, ಹಳದಿ ಬಣ್ಣ. ಸ್ಪ್ರೇ ಹೊಡೆದ ಮೇಲೆ ಒಂದು ಕೋಣೆಯಲ್ಲಿದ್ದವು ಮೂರು ಕೋಣೆಗೆ ಬಂದವು.

ಉತ್ತರ: ರಿಪೇರಿ ಮಾಡುವವರು

ಟೀಚರ್, ಆ ಸಣ್ಣ ಹಳದಿ ಇರುವೆಯ ಗೂಡಲ್ಲಿ ಹಲವು ರಾಣಿಗಳಿರುತ್ತವೆ. ಸ್ಪ್ರೇ ಬಿದ್ದರೆ ಗೂಡು ಒಡೆದು, ಒಂದೊಂದು ಗುಂಪು ಒಂದೊಂದು ಕಡೆ ಹೋಗಿ ಹೊಸ ಗೂಡು ಮಾಡುತ್ತದೆ. ನೀವು ಕಂಡದ್ದು ಅದನ್ನೇ. ತಿನ್ನುವ ರುಚಿಯೂ ಬದಲಾಗುತ್ತಾ ಇರುತ್ತದೆ. ಒಂದು ರಾತ್ರಿ ಸಕ್ಕರೆ ಪಾಕದ ಹನಿ, ಪಕ್ಕದಲ್ಲಿ ಅರೆದ ಶೇಂಗಾ ಚೂರು, ಎರಡನ್ನೂ ಔಷಧ ಇಲ್ಲದೆ ಇಡಿ. ಯಾವುದಕ್ಕೆ ಮುತ್ತುತ್ತವೋ ಅದರಲ್ಲಿ ಬೋರಿಕ್ ಬೆರೆಸಿ. ಇಲ್ಲೂ ಪ್ರಮಾಣ ಅಷ್ಟೇ, ಸ್ವಲ್ಪ.

ಪ್ರಶ್ನೆ ಕೇಳಿದವರು, ಬ್ರಹ್ಮಪುರ

ಅಣ್ಣಾರ, ನೀವು ಹೇಳಿದ ಹಾಗೆ ಮಾಡಿದೆವು. ಸ್ಟೆಬಿಲೈಜರ್ 220 ತೋರಿಸುತ್ತಿತ್ತು, ಹಾಗಾಗಿ ಮೆಕ್ಯಾನಿಕ್ ಕರೆಸಿದೆವು. ಓವರ್‌ಲೋಡ್ ಡಬ್ಬಿ ತುಂಬಾ ಸತ್ತ ಇರುವೆ. ಹೊಸದು ಹಾಕಿದ ಮೇಲೆ ಫ್ರಿಜ್ ಸರಿಯಾಯಿತು. ಸಾಲು ಪರ್ಸಿಯ ಸಂದಿನಿಂದ ಎದ್ದು, ಫ್ರಿಜ್ ವೈರ್ ಹಿಡಿದು ಕಂಪ್ರೆಸರ್‌ಗೆ ಹೋಗುತ್ತಿತ್ತು. ಬೋರಿಕ್ ಇಟ್ಟ ಮೇಲೆ ಅದು ನಿಂತಿದೆ. ಆದರೆ ಬೋರ್ಡಿನಲ್ಲಿ ಇನ್ನೂ ಒಂದೊಂದು ಬರುತ್ತಿವೆ, ನೆಲದಲ್ಲಿ ಸಾಲೇ ಇಲ್ಲ. ಸಿಲಿಕೋನ್ ಇನ್ನೂ ಹಾಕಿಸಿಲ್ಲ.

ಉತ್ತರ: ರಿಪೇರಿ ಮಾಡುವವರು

ಹಾಗಾದರೆ ನಿಮ್ಮಲ್ಲಿ ಎರಡು ಗೂಡಿವೆ ಅಕ್ಕ. ಬೋರ್ಡಿನವು ಮೇಲಿನಿಂದ ಇಳಿಯುತ್ತಿರಬೇಕು. ಮಾಳಿಗೆ ಹತ್ತಿ ನೋಡಿ. ನೀರಿನ ಟ್ಯಾಂಕ್ ಮೋಟರಿಗೋ ಟಿ.ವಿ. ಕೇಬಲ್‌ಗೋ ಹಾಕಿದ ಪೈಪಿನ ಬಾಯಿ ತೆರೆದಿದೆಯಾ? ಇದ್ದರೆ ಬೋರಿಕ್ ಹತ್ತಿಯನ್ನು ಆ ಬಾಯಿಯ ಪಕ್ಕ ನೆರಳಲ್ಲಿ ಇಡಿ, ಪೈಪಿನೊಳಗೆ ಸುರಿಯಬೇಡಿ. ಸಾಲು ನಿಂತ ಮೇಲೆ ಬಾಯಿಗೆ ಕೆಳಮುಖದ ಬೆಂಡ್ ಹಾಕಿಸಿ, ಮೇಲೂ ಬೋರ್ಡಿನಲ್ಲೂ ಸಿಲಿಕೋನ್ ಮುಚ್ಚಿಸಿ. ಮಾಳಿಗೆಯಲ್ಲಿ ಏನೂ ಕಾಣದಿದ್ದರೆ ಗೂಡು ಗೋಡೆಯೊಳಗೇ ಇರಬಹುದು, ಅದನ್ನು ಇಲ್ಲಿಂದ ಹೇಳಲು ಬರುವುದಿಲ್ಲ. ಮೇನ್ ಇಳಿಸಿ ಬೋರ್ಡ್ ಬಿಚ್ಚಿಸಿದಾಗ ಪೈಪ್ ಬಾಯಿಯ ಫೋಟೋ ತೆಗೆದು ಹಾಕಿ. ಎಷ್ಟು ಪೈಪ್ ಬಂದಿವೆ, ಯಾವ ದಿಕ್ಕಿನಿಂದ ಬಂದಿವೆ ಅಂತ ನೋಡಿ ಹೇಳುತ್ತೇನೆ.