‘ವಿಸರಣ ವೇಗ’ ಎನ್ನಬಹುದೇ?

ಕಲಬುರಗಿಯಿಂದ:
ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ರಸಾಯನಶಾಸ್ತ್ರದ ಟಿಪ್ಪಣಿ ಬರೆಯುತ್ತಿದ್ದೇನೆ. ಫಿಕ್ 1855ರಲ್ಲಿ ಕೊಟ್ಟ ಮೊದಲ ನಿಯಮದ D ಎಂಬುದನ್ನು ‘ವಿಸರಣ ಗುಣಾಂಕ’ ಎಂದು ಬರೆದಿದ್ದೇನೆ. ‘ವಿಸರಣ ವೇಗ’ ಎಂದರೆ ಮಕ್ಕಳ ತಲೆಗೆ ಬೇಗ ಹತ್ತುತ್ತದೆ ಎಂದು ಸಹೋದ್ಯೋಗಿಯೊಬ್ಬರ ಸಲಹೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಬಲ್ಲವರು ಏನೆನ್ನುತ್ತೀರಿ?

ಯಾದಗಿರಿಯಿಂದ:
ವೇಗ ಎಂದರೆ ತಪ್ಪೇನಿದೆ? D ಹೆಚ್ಚಿದ್ದರೆ ಬೇಗ ಹರಡುತ್ತದೆ, ಕಡಿಮೆಯಿದ್ದರೆ ನಿಧಾನ. ನೀರಿನಲ್ಲಿ ಸಕ್ಕರೆ ಒಂದು ಮಿಲಿಮೀಟರ್ ಹರಡಲು ಸುಮಾರು 16 ನಿಮಿಷ ಬೇಕು. ಒಂದು ಸೆಂಟಿಮೀಟರಿಗೆ ಅದರ ಹತ್ತರಷ್ಟು, ಅಂದರೆ ಎರಡೂವರೆ ಗಂಟೆಗೆ ತುಸು ಮೇಲೆ.

ಬೀದರ್‌ನಿಂದ:
ನಿಮ್ಮ 16 ನಿಮಿಷ ಸರಿ. ‘ವೇಗ’ ಎಂದುಕೊಂಡಿದ್ದರಿಂದಲೇ ಮುಂದಿನ ಲೆಕ್ಕ ಹಳಿ ತಪ್ಪಿತು. D ಯ ಮಾನ ಸೆಕೆಂಡಿಗೆ ಮೀಟರ್ ಅಲ್ಲ, ಸೆಕೆಂಡಿಗೆ ಚದರ ಮೀಟರ್. 25 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಸಕ್ಕರೆಗೆ ಅದು ಸುಮಾರು 5.2×10⁻¹⁰. ಅಂದಾಜು ಮಾಡುವುದು ಹೀಗೆ:

t ≈ x²/2D

ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟು. ಒಂದು ಸೆಂಟಿಮೀಟರಿಗೆ ಸುಮಾರು 27 ಗಂಟೆ, ಹತ್ತು ಸೆಂಟಿಮೀಟರಿಗೆ ಮೂರೂವರೆ ತಿಂಗಳಿಗೂ ಹೆಚ್ಚು.

ಮೊದಲ ನಿಯಮ ನೇರವಾಗಿ ಕಾಲವನ್ನು ಹೇಳುವುದಿಲ್ಲ. J = −D dC/dx ಎಂಬುದರ ಅರ್ಥವಿಷ್ಟೇ: ಸಾರತೆಯ ಇಳಿಜಾರು ಕಡಿದಾಗಿದ್ದಷ್ಟೂ ವಸ್ತು ಹೆಚ್ಚಾಗಿ ದಾಟುತ್ತದೆ. ಹರಡಿದಂತೆಲ್ಲ ಆ ಇಳಿಜಾರು ಸಪಾಟಾಗುತ್ತದೆ, ಆದ್ದರಿಂದ ಮುಂದಿನ ಪ್ರತಿ ಮಿಲಿಮೀಟರಿಗೂ ಹಿಂದಿನದಕ್ಕಿಂತ ಹೆಚ್ಚು ಹೊತ್ತು ಬೇಕು. ಒಂದೇ ವೇಗ ಎಂಬುದು ಇಲ್ಲಿ ಇಲ್ಲವೇ ಇಲ್ಲ. ಮಕ್ಕಳಿಗೆ ಆ ಪದ ಕೊಟ್ಟರೆ ಎಲ್ಲರೂ ಹತ್ತರಿಂದಲೇ ಗುಣಿಸುತ್ತಾರೆ.

ಸೇಡಂನಿಂದ:
ತಿಂಗಳುಗಟ್ಟಲೆ ಎಂದರೆ ನಂಬುವುದು ಕಷ್ಟ. ನಮ್ಮ ಮನೆಯಲ್ಲಿ ಲೋಟದ ನೀರಿಗೆ ಮಸಿಯ ಹನಿ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಎಳೆಯೆಳೆಯಾಗಿ ತಳ ಮುಟ್ಟುತ್ತದೆ.

ಬೀದರ್‌ನಿಂದ:
ಆ ಎಳೆಗಳೇ ಸಾಕ್ಷಿ, ಅದು ವಿಸರಣೆಯಲ್ಲ. ಮಸಿ ನೀರಿಗಿಂತ ಭಾರವಾದ್ದರಿಂದ ಇಳಿಯುತ್ತದೆ. ಲೋಟದ ಒಂದು ಬದಿಗೆ ನಮ್ಮ ಬೇಸಿಗೆಯ ಬಿಸಿಲು ತಾಗಿದರೂ ಸಾಕು, ನೀರು ತಾನೇ ಸುತ್ತತೊಡಗುತ್ತದೆ. ಅಗರ್ ಬೆರೆಸಿ ಕುದಿಸಿದ ನೀರನ್ನು ಗಾಜಿನ ನಳಿಕೆಯಲ್ಲಿ ಹೆಪ್ಪುಗಟ್ಟಿಸಿ, ಮೇಲೆ ಬಣ್ಣದ ನೀರು ಹಾಕಿ. ತೆಳುವಾದ ಅಗರಿನಲ್ಲಿ ನೀರಿನ ಸುತ್ತಾಟ ನಿಲ್ಲುತ್ತದೆ, ಸಣ್ಣ ಅಣುಗಳ D ಮಾತ್ರ ಹೆಚ್ಚು ಬದಲಾಗುವುದಿಲ್ಲ. ಬಣ್ಣದ ಅಂಚು ಒಂದು ಗಂಟೆಗೆ ಎಲ್ಲಿತ್ತು, ನಾಲ್ಕು ಗಂಟೆಗೆ ಎಲ್ಲಿದೆ ಎಂದು ಗುರುತು ಹಾಕಿ. ದೂರ ಎರಡರಷ್ಟಾಗಿದ್ದರೆ ವಿಸರಣೆ, ನಾಲ್ಕರಷ್ಟಾಗಿದ್ದರೆ ಎಲ್ಲೋ ನೀರು ಹರಿಯುತ್ತಿದೆ.

ಯಾದಗಿರಿಯಿಂದ:
ವರ್ಗದ ಮಾತು ಒಪ್ಪಿದೆ. ಆದರೂ ಮಾನವಿರುವ ರಾಶಿಗೆ ‘ಗುಣಾಂಕ’ ಎನ್ನುವುದು ನನಗೆ ಹಿಡಿಸದು. ‘ವಿಸರಣತೆ’ ಎಂದರಾಗದೇ?

ಕಲಬುರಗಿಯಿಂದ:
‘ವೇಗ’ವನ್ನು ಕೈಬಿಟ್ಟೆ, ಸದ್ಯಕ್ಕೆ ‘ಗುಣಾಂಕ’ ಇರಲಿ. ಈಗ J ಯದೇ ತೊಡಕು. ‘ಹರಿವು’ ಎಂದು ಬರೆದಿದ್ದೆ. ಬೀದರ್‌ನವರು ಹೇಳಿದ ಮೇಲೆ, ಅದನ್ನು ಓದಿದ ಮಕ್ಕಳು ನೀರೇ ಹರಿಯುತ್ತದೆ ಎಂದುಕೊಳ್ಳುತ್ತಾರೆ ಅನಿಸುತ್ತಿದೆ. ಬೇರೆ ಪದ ಇದ್ದರೆ ಕಳುಹಿಸಿ.